ಲ್ಯಾಪ್‌ಟಾಪ್ ಆಗಾಗ ಆರಿಹೋಗುತ್ತಿದೆ, ಐಟಿ ತಂಡಕ್ಕೆ ಹೇಗೆ ಬರೆದರೆ ಅರ್ಥವಾದೀತು?

ಚೆಕ್‌ರೋಲ್, ಗೋಣಿಕೊಪ್ಪ · ಜುಲೈ 12, ಭಾನುವಾರ

ನಮಸ್ಕಾರ. ನಾನು ಇಲ್ಲಿನ ಒಂದು ಕಾಫಿ ಕಂಪನಿಯ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಆರು ತೋಟಗಳ ಚೆಕ್‌ರೋಲ್, ಅಂದರೆ ಕೆಲಸಗಾರರ ಹಾಜರಿ ಮತ್ತು ಕೂಲಿಯ ಪಟ್ಟಿ, ಪ್ರತಿ ಶನಿವಾರ ಬೆಳಿಗ್ಗೆ ನನ್ನ ಕೈಗೆ ಬರುತ್ತದೆ. ಅವನ್ನೆಲ್ಲ ಒಂದೇ ಹಾಳೆಗೆ ಸೇರಿಸಿ ಮಧ್ಯಾಹ್ನದೊಳಗೆ ಬಟವಾಡೆಯ ಪಟ್ಟಿ ಕಳುಹಿಸಬೇಕು. ನಿನ್ನೆ ಅರ್ಧ ಕೆಲಸ ಮುಗಿದಿದ್ದಾಗ ಲ್ಯಾಪ್‌ಟಾಪ್ ಕಪ್ಪಾಯಿತು. ಕಳೆದ ಶನಿವಾರವೂ ಹಾಗೆಯೇ ಆಗಿತ್ತು. ಲೈನ್ ಮನೆಗಳಲ್ಲಿ ಸಂಬಳಕ್ಕಾಗಿ ಕಾಯುತ್ತಿರುವವರಿಗೆ ನಮ್ಮ ಯಂತ್ರ ಕೆಟ್ಟಿತು ಎಂದು ಹೇಳಿ ಪ್ರಯೋಜನವಿಲ್ಲ.

ನಮ್ಮ ಐಟಿ ತಂಡ ಮೈಸೂರಿನಲ್ಲಿದೆ. ಎರಡು ಬಾರಿ ದೂರು ಬರೆದೆ: “ನನ್ನ ಲ್ಯಾಪ್‌ಟಾಪ್ ಆಗಾಗ ಕ್ರ್ಯಾಶ್ ಆಗುತ್ತಿದೆ. ಕೆಲಸಕ್ಕೆ ತುಂಬಾ ತೊಂದರೆಯಾಗಿದೆ. ದಯವಿಟ್ಟು ಬೇಗ ಸರಿಪಡಿಸಿ.” ಎರಡು ಬಾರಿಯೂ ಅವರು ದೂರದಿಂದಲೇ ಯಂತ್ರದೊಳಗೆ ಬಂದು ಇಪ್ಪತ್ತು ನಿಮಿಷ ನೋಡಿದರು. ಅಷ್ಟು ಹೊತ್ತೂ ಅದು ಚೆನ್ನಾಗಿಯೇ ಓಡಿತು. ಅಪ್‌ಡೇಟ್ ಹಾಕಿದರು, ದೂರನ್ನು ಮುಚ್ಚಿದರು. ಅವರನ್ನು ದೂರುವುದಕ್ಕೆ ಬರೆಯುತ್ತಿಲ್ಲ. ಮೂರನೆಯ ಬಾರಿ ಬರೆಯುವಾಗ ಏನು ಬರೆದರೆ ಅವರಿಗೆ ನಿಜವಾಗಿ ಸಹಾಯವಾಗುತ್ತದೆ ಎಂದು ತಿಳಿಯಬೇಕಾಗಿದೆ. ಇದು ಶುರುವಾದದ್ದು ಜೂನ್ ಮೂರನೇ ವಾರದಲ್ಲಿ, ಮಳೆ ಜೋರಾದ ಹೊತ್ತಿಗೆ.

ನಾಪೋಕ್ಲು ಬೆಳೆಗಾರ · ಜುಲೈ 12

ಅಕ್ಕಾ, ಇದರಲ್ಲಿ ಯೋಚಿಸುವುದೇನೂ ಇಲ್ಲ, ಇದು ವೋಲ್ಟೇಜ್. ಮಳೆಗಾಲದಲ್ಲಿ ತಂತಿಯ ಮೇಲೆ ಮರದ ಕೊಂಬೆ ಬಿದ್ದು ಕರೆಂಟ್ ಹೋಗಿ ಬಂದು ಮಾಡುತ್ತದಲ್ಲ, ಅದರಲ್ಲಿ ನನ್ನ ಎರಡು ಮೋಟರ್ ಸುಟ್ಟಿವೆ. ಒಂದು ಸ್ಟೆಬಿಲೈಸರ್ ಹಾಕಿಸಿಕೊಳ್ಳಿ. ಐಟಿಯವರಿಗೆ ಬರೆಯುವುದಕ್ಕಿಂತ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುವುದು ಒಳ್ಳೆಯದು.

ಮೇಷ್ಟ್ರು, ಸೋಮವಾರಪೇಟೆ · ಜುಲೈ 12

ನಮ್ಮ ಶಾಲೆಯಲ್ಲಿಯೂ ಇದೇ ತೊಂದರೆ. ಅಂಕಪಟ್ಟಿ ತುಂಬುವ ದಿನ ಜಾಲತಾಣ ತೆರೆಯುವುದೇ ಇಲ್ಲ, ಚಕ್ರ ಸುತ್ತುತ್ತಲೇ ಇರುತ್ತದೆ. ಸಿಮ್ ಬದಲಾಯಿಸಿದ ಮೇಲೆ ಸ್ವಲ್ಪ ವಾಸಿ.

ಹಾರಂಗಿ ದಂಡೆ, ಕುಶಾಲನಗರ · ಜುಲೈ 12

ಮೇಷ್ಟ್ರೇ, ನೀವು ಹೇಳುತ್ತಿರುವುದು ನೆಟ್‌ವರ್ಕ್ ನಿಧಾನವಾಗುವ ಮಾತು. ಇವರದು ಯಂತ್ರವೇ ನಿಲ್ಲುವ ಮಾತು. ಎರಡನ್ನೂ ಜನ ಹ್ಯಾಂಗ್ ಎನ್ನುತ್ತಾರೆ, ಗೊಂದಲ ಅಲ್ಲಿಂದಲೇ ಆರಂಭವಾಗುತ್ತದೆ.

ಚೆಕ್‌ರೋಲ್ ಅವರೇ, ನಾನು ಹದಿನಾಲ್ಕು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಯಂತ್ರ ದುರಸ್ತಿ ಮಾಡಿದವನು. ನಿಮ್ಮ ದೂರಿನಲ್ಲಿ ನನಗೆ ಸಿಕ್ಕ ಸಂಗತಿ ಒಂದೇ, “ಕ್ರ್ಯಾಶ್” ಎಂಬ ಪದ. ಆ ಒಂದು ಪದದೊಳಗೆ ಕನಿಷ್ಠ ಮೂರು ಬೇರೆ ಬೇರೆ ಕಾಯಿಲೆಗಳು ಇರಬಹುದು. ಆದ್ದರಿಂದ ಮೊದಲು “ಕಪ್ಪಾಯಿತು” ಎಂದರೇನು ಎಂದು ಬಿಡಿಸಿ ಹೇಳಿ. ಫ್ಯಾನ್ ಸದ್ದು, ಕೀಲಿಮಣೆಯ ದೀಪ ಎಲ್ಲವೂ ಒಮ್ಮೆಲೇ ಹೋಯಿತೇ? ಅಥವಾ ಪರದೆ ಮಾತ್ರ ಕಪ್ಪಾಗಿ ಫ್ಯಾನ್ ತಿರುಗುತ್ತಲೇ ಇತ್ತೇ? ಅಥವಾ ಪರದೆಯ ಮೇಲೆ ಬಿಳಿಯ ಅಕ್ಷರದಲ್ಲಿ ಏನಾದರೂ ಬರೆದಿತ್ತೇ? ಮೊದಲೆಲ್ಲ ಆ ಬರಹ ನೀಲಿ ಪರದೆಯಲ್ಲಿ ಬರುತ್ತಿತ್ತು, ಹೊಸ ವಿಂಡೋಸ್‌ನಲ್ಲಿ ಕಪ್ಪು ಪರದೆಯಲ್ಲಿ ಬರುತ್ತದೆ. ಹಾಗಾಗಿ ಈಗ “ಕಪ್ಪಾಯಿತು” ಎಂದಷ್ಟೇ ಹೇಳಿದರೆ ಕೇಳುವವನಿಗೆ ಮೂರರಲ್ಲಿ ಯಾವುದೆಂದು ತಿಳಿಯುವುದಿಲ್ಲ.

ಚೆಕ್‌ರೋಲ್ · ಜುಲೈ 12

ಎರಡೂ ರೀತಿ ಆಗಿದೆ! ನೀವು ಕೇಳುವವರೆಗೆ ಅವನ್ನು ಬೇರೆ ಬೇರೆ ಎಂದು ಎಣಿಸಿಯೇ ಇರಲಿಲ್ಲ. ಡೈರಿಯಲ್ಲಿ ಗುರುತು ಹಾಕಿದ್ದರಿಂದ ಹೇಳಬಲ್ಲೆ.

ಜುಲೈ 4, ಶನಿವಾರ ಬೆಳಿಗ್ಗೆ ಎಲ್ಲವೂ ಒಮ್ಮೆಲೇ ಹೋಯಿತು, ದೀಪ ಊದಿದ ಹಾಗೆ. ನಿನ್ನೆ ಜುಲೈ 11ರಂದೂ ಹಾಗೆಯೇ. ಆದರೆ ಜುಲೈ 7, ಮಂಗಳವಾರ ಮತ್ತು 9, ಗುರುವಾರ ಮಧ್ಯಾಹ್ನ ಬೇರೆ ರೀತಿ ಆಯಿತು. ಊಟ ಮುಗಿಸಿ ಬಂದು ಮುಚ್ಚಳ ತೆರೆದೆ. ಪರದೆ ಕಪ್ಪು, ಕಿವಿಗೊಟ್ಟರೆ ಫ್ಯಾನ್ ಸಣ್ಣಗೆ ತಿರುಗುತ್ತಿತ್ತು, ಪವರ್ ಗುಂಡಿಯ ದೀಪವೂ ಉರಿಯುತ್ತಿತ್ತು. ಏನು ಒತ್ತಿದರೂ ಏಳಲಿಲ್ಲ. ಒಂದೆರಡು ನಿಮಿಷ ನೋಡಿ, ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿ ಮತ್ತೆ ಹಚ್ಚಿದೆ. ಬಿಳಿ ಅಕ್ಷರವನ್ನು ನಾನು ಒಮ್ಮೆಯೂ ನೋಡಿಲ್ಲ.

ನಾಪೋಕ್ಲು ಬೆಳೆಗಾರ · ಜುಲೈ 12

ಜುಲೈ 4ಕ್ಕೂ 11ಕ್ಕೂ ಕರೆಂಟ್ ಹೋಗಿತ್ತೋ ಇಲ್ಲವೋ, ಅದನ್ನು ಹೇಳಿ.

ಚೆಕ್‌ರೋಲ್ · ಜುಲೈ 12

ಹೋಗಿತ್ತು ಅಣ್ಣ. ಎರಡು ದಿನವೂ ಹೋಗಿತ್ತು. ಜನರೇಟರ್ ಹಚ್ಚುವುದಕ್ಕೆ ಅರ್ಧ ನಿಮಿಷವಾದರೂ ಬೇಕು, ಅಷ್ಟರಲ್ಲಿ ಇದು ಆರಿತ್ತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆಯಲ್ಲ ಎಂದು ನನ್ನ ಮೇಜಿಗೆ ಯುಪಿಎಸ್ ಕೊಟ್ಟಿಲ್ಲ, ಚಾರ್ಜರ್ ನೇರವಾಗಿ ಗೋಡೆಯ ಸಾಕೆಟ್‌ಗೆ. ಆದರೆ ಜುಲೈ 6, ಸೋಮವಾರ ಮೂರು ಸಲ ಕರೆಂಟ್ ಹೋಯಿತು, ಆಗ ಏನೂ ಆಗಲಿಲ್ಲ.

ಹಾರಂಗಿ ದಂಡೆ · ಜುಲೈ 12

ಬೆಳೆಗಾರರು ಒಳ್ಳೆಯ ಪ್ರಶ್ನೆ ಕೇಳಿದರು. ಈಗ ಒಂದು ಕೆಲಸ ಮಾಡಿ. ಈ ಘಟನೆಗಳನ್ನು ಯಂತ್ರವೂ ತನ್ನ ದಿನಚರಿಯಲ್ಲಿ ಬರೆದುಕೊಂಡಿರುತ್ತದೆ. ವಿಂಡೋಸ್ ಕೀ ಜೊತೆಗೆ R ಒತ್ತಿ `eventvwr.msc` ಎಂದು ಟೈಪ್ ಮಾಡಿ. ಎಡಗಡೆ `Windows Logs`, ಅದರೊಳಗೆ `System`. ಬಲಗಡೆ `Filter Current Log` ಒತ್ತಿದರೆ ಒಂದು ಖಾಲಿ ಜಾಗದಲ್ಲಿ `<All Event IDs>` ಎಂದಿರುತ್ತದೆ. ಅದನ್ನು ಅಳಿಸಿ ಈ ಮೂರು ಸಂಖ್ಯೆ ಹಾಕಿ:

```
41,1001,6008
```

ನಿಮ್ಮ ನಾಲ್ಕು ಘಟನೆಗಳಿಗೂ 41 ಇದ್ದೇ ಇರುತ್ತದೆ. ಅದನ್ನು ಒತ್ತಿ `Details` ಪುಟದಲ್ಲಿ `BugcheckCode` ಮತ್ತು `PowerButtonTimestamp` ಎಂಬ ಎರಡು ಸಾಲುಗಳನ್ನು ನೋಡಿ ಇಲ್ಲಿ ಬರೆಯಿರಿ. ಉಳಿದದ್ದು ಸದ್ಯಕ್ಕೆ ಬೇಡ.

ಚೆಕ್‌ರೋಲ್ · ಜುಲೈ 13, ಸೋಮವಾರ

ನೋಡಿದೆ. ನಾಲ್ಕಕ್ಕೂ `BugcheckCode` ಸೊನ್ನೆ. `PowerButtonTimestamp` ಎಂಬುದು ಎರಡು ಶನಿವಾರಗಳಿಗೆ ಸೊನ್ನೆ, ಆದರೆ 7 ಮತ್ತು 9ಕ್ಕೆ ಮಾರುದ್ದದ ಸಂಖ್ಯೆ ಇದೆ. ಮೂಲದ ಹೆಸರು ನಾಲ್ಕಕ್ಕೂ `Kernel-Power`. ಒಂದು ವಿಚಿತ್ರವೆಂದರೆ ಸಮಯ ಹೊಂದುತ್ತಿಲ್ಲ. ಮೊನ್ನೆ ಆರಿದ್ದು 11.40ಕ್ಕೆ, ಗೋಡೆಯ ಗಡಿಯಾರ ನೋಡಿ ಬರೆದದ್ದು. ಇಲ್ಲಿ 11.47 ಎಂದಿದೆ.

ನಾಪೋಕ್ಲು ಬೆಳೆಗಾರ · ಜುಲೈ 13

ಪವರ್ ಎಂದು ಅದೇ ಹೇಳುತ್ತಿದೆಯಲ್ಲ! ನಾಲ್ಕಕ್ಕೂ ಪವರ್ ಎಂದಿದೆ. ನಾನು ಮೊದಲೇ ಹೇಳಿದೆ.

ಹಾರಂಗಿ ದಂಡೆ · ಜುಲೈ 13

ಈ ಹೆಸರಿನಿಂದ ಮೋಸಹೋಗಿ ಚಾರ್ಜರ್ ಬದಲಾಯಿಸಿದವರನ್ನು ನಾನು ಬಹಳ ಕಂಡಿದ್ದೇನೆ. 41 ಹೇಳುವುದು ಇಷ್ಟೇ: “ಕಳೆದ ಬಾರಿ ನನ್ನನ್ನು ಸರಿಯಾಗಿ ಮುಚ್ಚಲಿಲ್ಲ.” ಕರೆಂಟ್ ಹೋದರೂ, ವಿಂಡೋಸ್ ಕುಸಿದರೂ, ನೀವೇ ಗುಂಡಿ ಒತ್ತಿ ಹಿಡಿದರೂ ಅದು ಬರುತ್ತದೆ. ಅದರ ಸಮಯ ಯಂತ್ರ ಮತ್ತೆ ಎದ್ದ ಸಮಯ, ಬಿದ್ದ ಸಮಯವಲ್ಲ. ಬಿದ್ದ ಸಮಯ ಬೇಕೆಂದರೆ ಪಕ್ಕದಲ್ಲಿರುವ 6008 ತೆರೆದು ಓದಿ, ಅದರ ವಾಕ್ಯದೊಳಗೆ ಇರುತ್ತದೆ. ತಂತ್ರಜ್ಞನಿಗೆ ಬರೆಯುವಾಗ ನಿಮ್ಮ ಗೋಡೆಯ ಗಡಿಯಾರದ ಸಮಯವನ್ನೇ ಕೊಡಿ, ಎದ್ದ ಸಮಯವನ್ನು ಬೇರೆಯಾಗಿ ಹೇಳಿ. ಇಲ್ಲವಾದರೆ ಅವನು 11.47ರ ಸುತ್ತ ಹುಡುಕುತ್ತಾ ಕುಳಿತಿರುತ್ತಾನೆ, ಅಲ್ಲಿ ಏನೂ ಇರುವುದಿಲ್ಲ.

ಆ ಎರಡು ಸಾಲುಗಳು ಮುಖ್ಯ. ಉದ್ದದ ಸಂಖ್ಯೆ ಇದ್ದರೆ ಗುಂಡಿ ಒತ್ತಿ ಆರಿಸಲಾಗಿದೆ ಎಂದರ್ಥ. 7 ಮತ್ತು 9ರಂದು ನೀವು ಮಾಡಿದ್ದು ಅದನ್ನೇ, ಡೈರಿಗೆ ಸರಿಯಾಗಿ ಹೊಂದುತ್ತದೆ. ಎರಡೂ ಸೊನ್ನೆಯಾದರೆ ಏನನ್ನೂ ಬರೆದುಕೊಳ್ಳಲು ಸಮಯವೇ ಸಿಗದಂತೆ ಯಂತ್ರ ಸತ್ತಿದೆ ಎಂದು. ಶನಿವಾರದ್ದು ಅದು. ಅಂದರೆ ನಿಮ್ಮ ಬಳಿ ಇರುವುದು ಒಂದು ತೊಂದರೆಯಲ್ಲ, ಎರಡು. ಎರಡನ್ನೂ ಕಲಸಿ ಒಂದೇ ದೂರಿನಲ್ಲಿ “ಆಗಾಗ” ಎಂದು ಬರೆದದ್ದರಿಂದಲೇ ಯಾರಿಗೂ ತಲೆಬುಡ ಸಿಗಲಿಲ್ಲ.

ಇನ್ನೊಂದು ಮಾತು, ಇದು ನನ್ನ ಮನಸ್ಸಿಗೆ ಹತ್ತಿರದ್ದು. ಊಟದ ನಂತರ ಮತ್ತೆ ಪರದೆ ಕಪ್ಪಾಗಿದ್ದರೆ, ದಯವಿಟ್ಟು ಗುಂಡಿ ಒತ್ತಬೇಡಿ. ಹತ್ತು ಹದಿನೈದು ನಿಮಿಷ ಹಾಗೆಯೇ ಬಿಡಿ. ನಿದ್ರೆಯಿಂದ ಏಳುವಾಗ ಯಾವುದೋ ಒಂದು ಸಾಧನ ಉತ್ತರ ಕೊಡದಿದ್ದರೆ ವಿಂಡೋಸ್ ಕೆಲವು ನಿಮಿಷ ಕಾಯುತ್ತದೆ, ಆಮೇಲೆ ತಾನೇ ಕೈಚೆಲ್ಲಿ ಕಾರಣ ಬರೆದಿಡುತ್ತದೆ. ನೀವು ಎರಡು ನಿಮಿಷಕ್ಕೇ ಆರಿಸಿದ್ದರಿಂದ ಅದು ಬರೆಯಬೇಕಾದ ಸಾಕ್ಷ್ಯ ಬರೆಯದೆ ಉಳಿದಿದೆ. ಕೆಲಸದ ನಡುವೆ ಕಾಯುವುದು ಕಷ್ಟ ಎಂದು ಗೊತ್ತು. ಒಂದು ಸಲ ಮಾತ್ರ ಕಾಯಿರಿ.

ಎರಡನೇ ಪಾಳಿ · ಜುಲೈ 13

ವಿರಾಜಪೇಟೆಯವನು, ಈಗ ಮೈಸೂರಿನಲ್ಲಿ ಇಂಥದ್ದೇ ದೂರುಗಳನ್ನು ತೆಗೆದುಕೊಳ್ಳುವ ಕೆಲಸದಲ್ಲಿದ್ದೇನೆ. ನಿಮ್ಮ ಕಂಪನಿಯಲ್ಲಿ ಅಲ್ಲ. ಹಾರಂಗಿ ದಂಡೆ ಸರ್ ಹೇಳಿದ್ದೆಲ್ಲ ಸರಿ, ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. 41, 6008 ಇವನ್ನೆಲ್ಲ ನಾನು ಇಲ್ಲಿ ಕುಳಿತೇ ನಿಮ್ಮ ಯಂತ್ರದಿಂದ ತೆಗೆದುಕೊಳ್ಳಬಲ್ಲೆ. ಅದಕ್ಕಾಗಿ ಲೆಕ್ಕ ಬರೆಯುವವರು ಒದ್ದಾಡಬೇಕಾಗಿಲ್ಲ. ನನಗೆ ಎಂದಿಗೂ ಕಾಣದ್ದು ನಿಮ್ಮ ಮೇಜು. ಮುಚ್ಚಳ ಮುಚ್ಚಿತ್ತೇ, ಯಾವ ವೈರ್ ಸಿಕ್ಕಿಸಿತ್ತು, ಕರೆಂಟ್ ಇತ್ತೇ, ಯಾರಾದರೂ ಮೇಜು ಸರಿಸಿದರೇ, ಇವು ಯಾವ ಲಾಗ್‌ನಲ್ಲಿಯೂ ಸರಿಯಾಗಿ ಸಿಗುವುದಿಲ್ಲ. ನೀವು ಬರೆಯದಿದ್ದರೆ ನನಗೆ ಗೊತ್ತಾಗುವ ದಾರಿಯೇ ಇಲ್ಲ.

ಅದಕ್ಕೇ ಕೇಳುತ್ತೇನೆ. ಜೂನ್ ಮೂರನೇ ವಾರದಲ್ಲಿ ಮಳೆ ಬಿಟ್ಟು ಇನ್ನೇನು ಬದಲಾಯಿತು?

ಚೆಕ್‌ರೋಲ್ · ಜುಲೈ 13

ಸ್ವಲ್ಪ ಯೋಚಿಸಬೇಕಾಯಿತು. ನಾನು ಕೂರುತ್ತಿದ್ದ ಕೋಣೆ ಆ ವಾರ ಸೋರಲು ಶುರುವಾಯಿತು. ಹಾಗಾಗಿ ನನ್ನನ್ನು ಹಿಂದಿನ ಕೋಣೆಗೆ ಕಳುಹಿಸಿದರು. ಅಲ್ಲಿ ವೈಫೈ ಬರುವುದಿಲ್ಲ. ಗೋಡೆಯಲ್ಲಿ ಹಳೆಯ ಲ್ಯಾನ್ ಕಿಂಡಿ ಇದೆ, ಆದರೆ ನನ್ನ ತೆಳ್ಳನೆಯ ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಕಿಂಡಿ ಇಲ್ಲ. ಅದಕ್ಕಾಗಿ ಯುಎಸ್‌ಬಿಗೆ ಸಿಕ್ಕಿಸುವ ಬಿಳಿಯ ಬಣ್ಣದ ಗೇಣುದ್ದದ ಅಡಾಪ್ಟರ್ ಒಂದನ್ನು ತರಿಸಿಕೊಟ್ಟರು. ಅಂದಿನಿಂದ ಅದು ಸಿಕ್ಕಿಸಿಯೇ ಇದೆ. ಇದು ಹೇಳಬೇಕಾದ ಸಂಗತಿ ಎಂದು ನನಗೆ ಹೊಳೆದೇ ಇರಲಿಲ್ಲ.

ಎರಡನೇ ಪಾಳಿ · ಜುಲೈ 13

ಮೇಡಂ, ನಾನು ಕೇಳಬೇಕೆಂದಿದ್ದದ್ದು ಇದನ್ನೇ. ಮಳೆಯೂ ಅಡಾಪ್ಟರೂ ಒಂದೇ ವಾರದಲ್ಲಿ ಬಂದಿವೆ. ನೀವು ಮಳೆಯನ್ನು ಮಾತ್ರ ಬರೆದಿದ್ದೀರಿ.

ಚೆಕ್‌ರೋಲ್ · ಜುಲೈ 14, ಮಂಗಳವಾರ

ಸಿಕ್ಕಿತು. ಇಂದು ಊಟ ಮುಗಿಸಿ 2.05ಕ್ಕೆ ಮುಚ್ಚಳ ತೆರೆದಾಗ ಮತ್ತೆ ಕಪ್ಪು. ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾದೆ. ಹೊರಗೆ ಧೋ ಎಂದು ಮಳೆ ಹೊಡೆಯುತ್ತಿತ್ತು, ಒಳಗೆ ಆ ಸಣ್ಣ ಫ್ಯಾನಿನ ಸದ್ದು ಮಾತ್ರ. 2.13ರ ಹೊತ್ತಿಗೆ ಪರದೆ ಬೆಳಗಿ ಬಿಳಿಯ ಅಕ್ಷರ ಬಂತು, ಕೆಳಗೆ `DRIVER_POWER_STATE_FAILURE` ಎಂದು ಇತ್ತು. ಮೊಬೈಲಿನಲ್ಲಿ ಫೋಟೊ ತೆಗೆಯುವಷ್ಟರಲ್ಲಿ ನೂರು ಶೇಕಡಾ ಆಗಿ ಯಂತ್ರ ತಾನೇ ಮರುಪ್ರಾರಂಭವಾಯಿತು. ಈಗ ದಿನಚರಿಯಲ್ಲಿ 1001 ಇದೆ, `0x0000009f` ಎಂದು ಶುರುವಾಗುತ್ತದೆ. 41ರಲ್ಲಿ `BugcheckCode` 159. ಈ ಎರಡು ಸಂಖ್ಯೆ ಬೇರೆ ಬೇರೆಯಾಗಿವೆಯಲ್ಲ?

ಹಾರಂಗಿ ದಂಡೆ · ಜುಲೈ 14

ಎರಡೂ ಒಂದೇ. 1001 ಹದಿನಾರರ ಲೆಕ್ಕದಲ್ಲಿ ಬರೆಯುತ್ತದೆ, 41 ನಮ್ಮ ಹತ್ತರ ಲೆಕ್ಕದಲ್ಲಿ. ಒಂಬತ್ತು ಹದಿನಾರು 144, ಅದಕ್ಕೆ ಎಫ್ ಅಂದರೆ 15 ಸೇರಿಸಿದರೆ 159.

ಕಾದದ್ದಕ್ಕೆ ಬಹಳ ಸಂತೋಷವಾಯಿತು. ಈ ಸಂಕೇತ ಹೇಳುವುದು, ನಿದ್ರೆಗೆ ಹೋಗುವಾಗಲೋ ಏಳುವಾಗಲೋ ಒಂದು ಸಾಧನದ ಡ್ರೈವರ್ ಉಳಿದವರನ್ನೆಲ್ಲ ಕಾಯಿಸಿತು ಎಂದು. ಯಾವ ಸಾಧನ ಎಂದು ಹೇಳುವುದಿಲ್ಲ. ಅಡಾಪ್ಟರ್ ಮೇಲೆ ಅನುಮಾನ ಬರುವುದು ಸಹಜ, ಆದರೆ ವೈಫೈ ಡ್ರೈವರ್, ಗ್ರಾಫಿಕ್ಸ್ ಡ್ರೈವರ್‌ಗಳೂ ಹೀಗೆ ಮಾಡುತ್ತವೆ. ಹೆಸರು ಇರುವುದು `C:\Windows\Minidump` ಒಳಗಿನ ಕಡತದಲ್ಲಿ. ಅದನ್ನು ತೆರೆಯಲು ನಿರ್ವಾಹಕರ ಅನುಮತಿ ಬೇಕು, ನಿಮ್ಮ ಐಟಿಯವರೇ ತೆಗೆದುಕೊಳ್ಳಲಿ.

ಮೇಷ್ಟ್ರು, ಸೋಮವಾರಪೇಟೆ · ಜುಲೈ 14

ಈಗ ನನಗೂ ವಿಷಯ ತಿಳಿಯಿತು. ಆ ಕಡತವನ್ನು ಇಲ್ಲಿಯೇ ಹಾಕಿದರೆ ಎಲ್ಲರೂ ನೋಡಬಹುದಲ್ಲವೇ?

ಎರಡನೇ ಪಾಳಿ · ಜುಲೈ 14

ಬೇಡ ಸರ್. ಅದರಲ್ಲಿ ಆ ಕ್ಷಣದ ಮೆಮೊರಿಯ ತುಣುಕುಗಳಿರುತ್ತವೆ. ಸ್ವಂತ ಕಚೇರಿಯ ತಂಡಕ್ಕೆ ಬಿಟ್ಟು ಬೇರೆಯವರಿಗೆ ಕೊಡಬಾರದು. ಹಾಗೆಯೇ ಮೇಡಂ, ಪರದೆಯ ಫೋಟೊ ಕಳುಹಿಸುವಾಗ ಹಿಂದೆ ಮೇಜಿನ ಮೇಲೆ ಚೆಕ್‌ರೋಲ್ ತೆರೆದಿದ್ದರೆ ಕತ್ತರಿಸಿ ಕಳುಹಿಸಿ. ಕೆಲಸಗಾರರ ಹೆಸರು, ಬ್ಯಾಂಕ್ ಖಾತೆ ಎಲ್ಲ ಅದರಲ್ಲಿರುತ್ತದೆ.

ನಾಪೋಕ್ಲು ಬೆಳೆಗಾರ · ಜುಲೈ 14

ಮಂಗಳವಾರದ್ದು ವೋಲ್ಟೇಜ್ ಅಲ್ಲ, ಒಪ್ಪಿದೆ. ಶನಿವಾರದ್ದು? ಸೋಮವಾರ ಮೂರು ಸಲ ಕರೆಂಟ್ ಹೋದಾಗ ಆರದ ಯಂತ್ರ ಶನಿವಾರ ಒಂದೇ ಸಲಕ್ಕೆ ಹೇಗೆ ಆರುತ್ತದೆ? ಇದು ನನಗೆ ಬಗೆಹರಿಯುತ್ತಿಲ್ಲ.

ಹಾರಂಗಿ ದಂಡೆ · ಜುಲೈ 14

ಸೋಮವಾರ ಅವರು ಏನು ಮಾಡುತ್ತಿದ್ದರು, ಶನಿವಾರ ಏನು ಮಾಡುತ್ತಿದ್ದರು ಎಂಬುದರಲ್ಲಿ ಉತ್ತರ ಇರಬಹುದು. ಬ್ಯಾಟರಿ ಸವೆದಿದ್ದರೆ ಹಗುರ ಕೆಲಸವನ್ನು ಹೊರುತ್ತದೆ, ಭಾರ ಬಿದ್ದಾಗ ಕುಸಿಯುತ್ತದೆ. ಮೂಲೆಯಲ್ಲಿನ ಶೇಕಡಾ ಲೆಕ್ಕ ನೂರು ಎಂದು ತೋರಿಸುತ್ತಿದ್ದರೂ ಅದು ಈಗ ಉಳಿದಿರುವ ಸಣ್ಣ ಸಾಮರ್ಥ್ಯದ ನೂರು. ಕೊಡ ಹಳೆಯದಾಗಿ ಅರ್ಧ ಹೂಳು ತುಂಬಿದ್ದರೂ ಕಂಠದವರೆಗೆ ನೀರಿದ್ದರೆ ತುಂಬಿದೆ ಎಂದೇ ಕಾಣುತ್ತದೆ. `cmd` ತೆರೆದು ಇದನ್ನು ಹಾಕಿ:

```
powercfg /batteryreport
```

ವರದಿ ಎಲ್ಲಿ ಉಳಿಯಿತು ಎಂದು ಅದೇ ಹೇಳುತ್ತದೆ. ತೆರೆದು `DESIGN CAPACITY` ಮತ್ತು `FULL CHARGE CAPACITY` ಎರಡನ್ನು ನೋಡಿ.

ಚೆಕ್‌ರೋಲ್ · ಜುಲೈ 15, ಬುಧವಾರ

ಮೊದಲನೆಯದು 42,000, ಎರಡನೆಯದು 15,300. ಅಂದರೆ ಹೊಸದಾಗಿದ್ದಾಗಿನ ಶೇಕಡಾ 36 ಮಾತ್ರ ಉಳಿದಿದೆ. ಶನಿವಾರ ಆರೂ ತೋಟಗಳ ಹಾಳೆ ತೆರೆದು ಒಟ್ಟುಗೂಡಿಸುವಾಗ ಫ್ಯಾನ್ ಜೋರಾಗಿ ಕೂಗುತ್ತದೆ, ಕೈಗೆ ಬಿಸಿ ತಾಗುತ್ತದೆ. ಸೋಮವಾರ ಇಮೇಲ್ ಓದುತ್ತಿದ್ದೆ, ಅಷ್ಟೇ.

ಇಂದು ಮಧ್ಯಾಹ್ನ 4.10ಕ್ಕೆ ಇನ್ನೊಂದು ಬಗೆಯದು ಆಯಿತು. ಮುಚ್ಚಳ ತೆರೆದೇ ಇತ್ತು, ಕರೆಂಟ್ ಇತ್ತು, ಚಿತ್ರ ಪರದೆಯ ಮೇಲೆ ಹಾಗೆಯೇ ನಿಂತುಬಿಟ್ಟಿತು. ಮೌಸಿನ ಬಾಣ ಕೂಡ ಅಲುಗಲಿಲ್ಲ. ಹದಿನೈದು ನಿಮಿಷ ಕಾದೆ, ಯಾವ ಬರಹವೂ ಬರಲಿಲ್ಲ. ಕೊನೆಗೆ ಗುಂಡಿ ಒತ್ತಿ ಆರಿಸಿದೆ.

ನಾಪೋಕ್ಲು ಬೆಳೆಗಾರ · ಜುಲೈ 15

ಹಾಗಾದರೆ ಕರೆಂಟ್ ಹೋದದ್ದು ನೆಪ, ಬ್ಯಾಟರಿ ಕಾರಣ. ಸ್ಟೆಬಿಲೈಸರ್ ಹಾಕಿದ್ದರೂ ಕರೆಂಟೇ ಇಲ್ಲದಾಗ ಅದೇನು ಮಾಡೀತು. ನನ್ನ ಸಲಹೆ ಹಿಂದಕ್ಕೆ ತೆಗೆದುಕೊಂಡೆ.

ಹಾರಂಗಿ ದಂಡೆ · ಜುಲೈ 15

4.10ರದ್ದನ್ನು ಬಲವಂತವಾಗಿ ಯಾವ ಗುಂಪಿಗೂ ಸೇರಿಸಬೇಡಿ. ಮೂರನೆಯದಾಗಿ ಬೇರೆಯೇ ಬರೆಯಿರಿ. ಒಂದೇ ಸಲ ಆದದ್ದಕ್ಕೆ ಕಾರಣ ಹುಡುಕಹೊರಟರೆ ಉಳಿದ ಎರಡರ ಚಿತ್ರವೂ ಕದಡುತ್ತದೆ.

ಈಗ ಅಡಾಪ್ಟರ್ ತೆಗೆದಿಟ್ಟು ಎರಡು ದಿನ ಮಧ್ಯಾಹ್ನ ಮುಚ್ಚಳ ಮುಚ್ಚಿ ನೋಡಿ.

ಎರಡನೇ ಪಾಳಿ · ಜುಲೈ 15

ಸರ್, ಇದಕ್ಕೆ ನನ್ನ ವಿರೋಧವಿದೆ. ಬರೆಯುವ ಮೊದಲೇ ಬದಲಾಯಿಸಿದರೆ ನಾಳೆ ಅವರ ತಂಡ ಒಳಗೆ ಬಂದು ನೋಡುವಾಗ ತೊಂದರೆ ಕಾಣಿಸುವುದಿಲ್ಲ, ಮತ್ತೆ ದೂರು ಮುಚ್ಚುತ್ತದೆ. ಇದ್ದ ಸ್ಥಿತಿಯಲ್ಲಿಯೇ ಅವರ ಕೈಗೆ ಕೊಡುವುದು ಒಳ್ಳೆಯದು.

ಹಾರಂಗಿ ದಂಡೆ · ಜುಲೈ 15

ಸುಮಾರು ತೊಂಬತ್ತು ಕಿಲೋಮೀಟರ್ ದೂರದಲ್ಲಿರುವವನು ಮಾಡಲಾಗದ ಪರೀಕ್ಷೆ ಇದು. ಮೇಜಿನ ಮುಂದಿರುವವರೇ ಮಾಡಬೇಕು. ಒಂದೇ ಒಂದನ್ನು ಬದಲಾಯಿಸಿ, ದಿನಾಂಕ ಬರೆದಿಟ್ಟರೆ ಯಾವ ಹಾನಿಯೂ ಇಲ್ಲ.

ಚೆಕ್‌ರೋಲ್ · ಜುಲೈ 17, ಶುಕ್ರವಾರ

ಇಬ್ಬರ ಮಾತನ್ನೂ ಸ್ವಲ್ಪ ಸ್ವಲ್ಪ ಕೇಳಿದ್ದೇನೆ. ಎರಡು ದಿನ ಅಡಾಪ್ಟರ್ ತೆಗೆದಿಟ್ಟು ಊಟಕ್ಕೆ ಹೋದೆ, ಬಂದು ಮತ್ತೆ ಸಿಕ್ಕಿಸಿದೆ. ಎರಡು ದಿನವೂ ಸರಿಯಾಗಿ ಎದ್ದಿತು. ಈಗ ಮತ್ತೆ ಮೊದಲಿನಂತೆಯೇ ಸಿಕ್ಕಿಸಿಟ್ಟಿದ್ದೇನೆ. ಇಂದು ಸಂಜೆ ಕಳುಹಿಸಿದ ದೂರು ಇದು:

> ವಿಷಯ: ಲ್ಯಾಪ್‌ಟಾಪ್ ಎರಡು ಬೇರೆ ಬೇರೆ ರೀತಿಯಲ್ಲಿ ನಿಲ್ಲುತ್ತಿದೆ, ಶನಿವಾರದ ಬಟವಾಡೆಗೆ ಅಡ್ಡಿಯಾಗಿದೆ
>
> ನಮಸ್ಕಾರ. ಹಿಂದಿನ ಎರಡು ದೂರುಗಳಲ್ಲಿ ವಿವರ ಸಾಲದಿದ್ದುದರಿಂದ ಹೊಸದಾಗಿ ಬರೆಯುತ್ತಿದ್ದೇನೆ. ಯಂತ್ರದ ಕೆಳಗಿನ ಸ್ಟಿಕ್ಕರಿನ ಸಂಖ್ಯೆಯ ಫೋಟೊ ಜೊತೆಗಿದೆ. ವಿಂಡೋಸ್ 11, 24H2.
>
> ಮೊದಲ ತೊಂದರೆ: ಮುಚ್ಚಳ ಮುಚ್ಚಿ ಸುಮಾರು 45 ನಿಮಿಷದ ನಂತರ ತೆರೆದಾಗ ಏಳುವುದಿಲ್ಲ. ಜುಲೈ 7, 9 ಮತ್ತು 14ರಂದು ಮಧ್ಯಾಹ್ನ 2 ಗಂಟೆಯ ಆಸುಪಾಸಿನಲ್ಲಿ ಆಗಿದೆ. ಪರದೆ ಕಪ್ಪು, ಫ್ಯಾನ್ ಮತ್ತು ಪವರ್ ದೀಪ ಇರುತ್ತವೆ. ಮೊದಲ ಎರಡು ಸಲ ನಾನೇ ಗುಂಡಿ ಒತ್ತಿ ಆರಿಸಿದೆ. 14ರಂದು ಕಾದಾಗ ಎಂಟು ನಿಮಿಷದ ನಂತರ DRIVER_POWER_STATE_FAILURE ಎಂದು ಬಂತು, ಫೋಟೊ ಇದೆ. ಆ ದಿನದ ಡಂಪ್ ಕಡತ ಯಂತ್ರದಲ್ಲಿ ಇರಬೇಕು, ನನಗೆ ತೆರೆಯುವ ಅನುಮತಿ ಇಲ್ಲ. ಜೂನ್ ಮೂರನೇ ವಾರದಲ್ಲಿ ನನ್ನ ಕೋಣೆ ಬದಲಾಗಿ, ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬಂದಿದೆ. ಅದಕ್ಕೂ ಮೊದಲು ಹೀಗಾದ ನೆನಪಿಲ್ಲ. ಜುಲೈ 16, 17ರಂದು ಅಡಾಪ್ಟರ್ ತೆಗೆದಿಟ್ಟು ಮುಚ್ಚಳ ಮುಚ್ಚಿದೆ, ಸರಿಯಾಗಿ ಎದ್ದಿತು. ಆದರೆ ಅಡಾಪ್ಟರ್ ಇದ್ದ ಎಲ್ಲ ದಿನವೂ ಹೀಗಾಗಿಲ್ಲ. ಜುಲೈ 8, 10 ಮತ್ತು 13ರಂದು ಅದಿದ್ದರೂ ಎದ್ದಿತ್ತು. ಹಾಗಾಗಿ ಎರಡು ದಿನದ ಪರೀಕ್ಷೆ ಸಾಲದು ಎಂದು ನನಗೂ ಗೊತ್ತು. ಅಡಾಪ್ಟರ್ ಈಗ ಮತ್ತೆ ಸಿಕ್ಕಿಸಿದೆ.
>
> ಎರಡನೇ ತೊಂದರೆ: ಕೆಲಸದ ನಡುವೆ ಎಲ್ಲವೂ ಒಮ್ಮೆಲೇ ಆರುತ್ತದೆ. ಜುಲೈ 4ರಂದು ಬೆಳಿಗ್ಗೆ 11.20, ಜುಲೈ 11ರಂದು 11.40, ಇವು ಗೋಡೆ ಗಡಿಯಾರದ ಸಮಯ. ಎರಡು ಸಲವೂ ಕರೆಂಟ್ ಹೋದ ಕೂಡಲೇ, ಆರು ತೋಟದ ಹಾಳೆಗಳನ್ನು ಒಟ್ಟುಗೂಡಿಸುವಾಗ ಆಯಿತು. ಜುಲೈ 6ರಂದು ಹಗುರ ಕೆಲಸದಲ್ಲಿದ್ದಾಗ ಮೂರು ಸಲ ಕರೆಂಟ್ ಹೋದರೂ ಆರಲಿಲ್ಲ. ಚಾರ್ಜರ್ ಯುಪಿಎಸ್ ಇಲ್ಲದೆ ನೇರ ಗೋಡೆಯ ಸಾಕೆಟ್‌ಗೆ ಇದೆ. ಬ್ಯಾಟರಿ ವರದಿಯಲ್ಲಿ 42,000ಕ್ಕೆ 15,300 ಎಂದಿದೆ, ವರದಿ ಜೊತೆಗಿದೆ.
>
> ಇವೆರಡಕ್ಕೂ ಸೇರದ ಒಂದು ಘಟನೆ: ಜುಲೈ 15ರಂದು ಮಧ್ಯಾಹ್ನ 4.10ಕ್ಕೆ ಚಿತ್ರ ನಿಂತುಹೋಯಿತು. ಕರೆಂಟ್ ಇತ್ತು, ಮುಚ್ಚಳ ತೆರೆದಿತ್ತು. ಹದಿನೈದು ನಿಮಿಷ ಕಾದರೂ ಯಾವ ಬರಹವೂ ಇಲ್ಲ, ಗುಂಡಿ ಒತ್ತಿ ಆರಿಸಿದೆ.
>
> ಪ್ರತಿ ಶನಿವಾರ ಬೆಳಿಗ್ಗೆ 9ರಿಂದ 1ರವರೆಗೆ ಯಂತ್ರ ಬಿಟ್ಟುಕೊಡಲಾಗದು. ಉಳಿದ ದಿನ ಮಧ್ಯಾಹ್ನ 3ರ ನಂತರ ಎಷ್ಟು ಹೊತ್ತಾದರೂ ಸರಿ. ನಾಳೆಯ ಬಟವಾಡೆಗಾಗಿ ಜನರೇಟರ್ ನಂಬದೆ ಯುಪಿಎಸ್ ಇರುವ ಪಕ್ಕದ ಮೇಜಿನಲ್ಲಿ ಕೂರುತ್ತೇನೆ.

ಎರಡನೇ ಪಾಳಿ · ಜುಲೈ 17

ಅಡಾಪ್ಟರ್ ಇದ್ದೂ ಎದ್ದ ದಿನಗಳನ್ನು ಬರೆದಿದ್ದೀರಲ್ಲ, ಅದು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಜನ ಸಾಮಾನ್ಯವಾಗಿ ಕೆಟ್ಟ ದಿನಗಳನ್ನಷ್ಟೇ ಬರೆಯುತ್ತಾರೆ, ಆಗ ನಾವು ತಪ್ಪು ಸಾಧನದ ಬೆನ್ನುಹತ್ತುತ್ತೇವೆ. ಯಾವಾಗ ಯಂತ್ರ ಕೊಡಬಲ್ಲಿರಿ ಎಂಬ ಕೊನೆಯ ಸಾಲೂ ಬಹಳ ಮುಖ್ಯ. ಅದಿಲ್ಲದೆ ನಾವು ಫೋನ್ ಮಾಡಿದಾಗ “ಈಗ ಆಗುವುದಿಲ್ಲ” ಎನ್ನುತ್ತಾರೆ, ದೂರು ವಾರಗಟ್ಟಲೆ ಕೂರುತ್ತದೆ.

ನಾಪೋಕ್ಲು ಬೆಳೆಗಾರ · ಜುಲೈ 18, ಶನಿವಾರ

ಇಂದು ಇಲ್ಲಿ ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಬಟವಾಡೆ ಆಯಿತೇ ಅಕ್ಕಾ?

ಚೆಕ್‌ರೋಲ್ · ಜುಲೈ 18

ಆಯಿತು ಅಣ್ಣ, ಹನ್ನೆರಡೂವರೆಗೆ. ಎರಡು ಸಲ ಕರೆಂಟ್ ಹೋಯಿತು, ಯುಪಿಎಸ್ ಹಿಡಿದುಕೊಂಡಿತು.

ಚೆಕ್‌ರೋಲ್ · ಜುಲೈ 22, ಬುಧವಾರ

ಐಟಿ ತಂಡದಿಂದ ಸೋಮವಾರವೇ ಫೋನ್ ಬಂತು, ಈ ಸಲ ಹಿರಿಯರೊಬ್ಬರು ಮಾತನಾಡಿದರು. ಬ್ಯಾಟರಿ ಬದಲಾಯಿಸಲು ಪ್ರಶ್ನೆಯೇ ಕೇಳದೆ ಒಪ್ಪಿದರು, ಮುಂದಿನ ವಾರ ಕೊರಿಯರ್‌ನಲ್ಲಿ ಬರುತ್ತದೆ, ಮಡಿಕೇರಿಯ ಒಬ್ಬ ತಂತ್ರಜ್ಞರು ಬಂದು ಹಾಕುತ್ತಾರೆ. ಡಂಪ್ ಕಡತವನ್ನು ಅವರೇ ತೆಗೆದುಕೊಂಡು ನೋಡಿದರು. ಅದರಲ್ಲಿ ಅಡಾಪ್ಟರಿನ ಡ್ರೈವರ್ ಹೆಸರೇ ಸಿಕ್ಕಿದೆಯಂತೆ. ತಯಾರಕರ ಹೊಸ ಡ್ರೈವರ್ ಹಾಕಿದ್ದಾರೆ, ನಿದ್ರೆಯ ಸಮಯದಲ್ಲಿ ಆ ಸಾಧನವನ್ನು ಆರಿಸುವ ಅನುಮತಿಯನ್ನೂ ತೆಗೆದಿದ್ದಾರೆ. ಎರಡು ವಾರ ದಿನವೂ ಊಟದ ಸಮಯವನ್ನು ಡೈರಿಯಲ್ಲಿ ಬರೆದಿಡಲು ಹೇಳಿದ್ದಾರೆ, ಎದ್ದರೂ ಸರಿ, ಏಳದಿದ್ದರೂ ಸರಿ.

4.10ರ ಘಟನೆಗೆ ಅವರಿಗೂ ಏನೂ ಸಿಕ್ಕಿಲ್ಲ. ಹಾಗೆಯೇ ತೆರೆದಿಟ್ಟಿದ್ದಾರೆ.

ಹಾರಂಗಿ ದಂಡೆ · ಜುಲೈ 22

ಇಂದು ಊಟದ ನಂತರ ಎದ್ದಿತೇ?

ಚೆಕ್‌ರೋಲ್ · ಜುಲೈ 22

ಎದ್ದಿತು. 2.02, ಅಡಾಪ್ಟರ್ ಸಿಕ್ಕಿಸಿತ್ತು, ಕರೆಂಟ್ ಇರಲಿಲ್ಲ.